‘ಕಲೆ ಹಿಡಿಯಲ್ಲ’ ಅಂತ ಮಾರಿದ ಸೋಫಾಗೆ ಕಲೆ ಹಿಡಿದರೆ: ಬದಲಿ ಸೋಫಾ ಕೇಳಿ ಅಂಗಡಿಗೆ ಪತ್ರ ಬರೆಯುವ ಸಮಗ್ರ ಮಾರ್ಗದರ್ಶಿ

ಸೋಫಾ ಮೇಲೆ ಸಾರು ಚೆಲ್ಲಿತು, ಕಲೆ ಹೋಗಲಿಲ್ಲ, ಅಂಗಡಿಗೆ ಫೋನ್ ಮಾಡಿದರೆ ‘ನೀವೇ ಚೆಲ್ಲಿಕೊಂಡಿದ್ದು, ನಾವೇನು ಮಾಡೋಣ’ ಅಂತಾರೆ. ಹೆಚ್ಚಿನವರು ಇಲ್ಲಿಗೇ ಬಿಟ್ಟುಬಿಡ್ತಾರೆ. ಬಿಡಬೇಕಾಗಿಲ್ಲ. ಚೆಲ್ಲಿದ್ದು ನೀವೇ, ಅದು ನಿಜ. ಆದರೆ ಚೆಲ್ಲಿದರೂ ಒರೆಸಿದರೆ ಹೋಗುತ್ತೆ ಅಂತ ಹೇಳಿ ಮಾರಿದ್ದು ಅವರು. ನಿಮ್ಮ ಪತ್ರ ಆ ಮಾತಿನ ಮೇಲೆ ನಿಲ್ಲಬೇಕು, ಕಲೆಯ ಮೇಲೆ ಅಲ್ಲ.

ತುಮಕೂರಿನಲ್ಲಿ ಕ್ಯಾತ್ಸಂದ್ರದ ಕಡೆ ಇರುವ ನಮ್ಮ ಅತ್ತಿಗೆ ಮನೆಯಲ್ಲಿ ಇದೇ ಆಯ್ತು. ಊರಿನದೇ ಒಂದು ಶೋರೂಮಿನಲ್ಲಿ 58,000 ರೂಪಾಯಿ ಕೊಟ್ಟು ತಂದ ತ್ರೀ ಪ್ಲಸ್ ಒನ್ ಪ್ಲಸ್ ಒನ್ ಸೆಟ್ಟು. ತಿಳಿ ಬೂದು ಬಣ್ಣ. ‘ಮನೇಲಿ ಮಕ್ಕಳಿದ್ದಾರೆ, ತಿಳಿ ಬಣ್ಣ ಬೇಡ’ ಅಂತ ಅತ್ತಿಗೆ ಹೇಳಿದ್ದಕ್ಕೇ ಅಂಗಡಿಯವರು ಪಾಂಪ್ಲೆಟ್ ತೋರಿಸಿ, ಇದು ಸ್ಟೇನ್ ರೆಸಿಸ್ಟೆಂಟ್ ಬಟ್ಟೆ, ಕಾಫಿ, ಸಾಂಬಾರ್ ಏನೇ ಬಿದ್ದರೂ ಒದ್ದೆ ಬಟ್ಟೆಯಲ್ಲಿ ಒರೆಸಿ ಅಂದಿದ್ದರು. ಮೂರು ತಿಂಗಳೊಳಗೆ ಬಸ್ಸಾರು ಬಿತ್ತು. ತಕ್ಷಣ ಒರೆಸಿದರೂ ಅಂಗೈಯಷ್ಟು ಅಗಲದ ಹಳದಿ ಕಲೆ ಉಳಿಯಿತು. ಆ ಪತ್ರ ಬರೆದುಕೊಟ್ಟಿದ್ದು ನಾನೇ. ಅದನ್ನೇ ಇಟ್ಟುಕೊಂಡು ಒಂದೊಂದಾಗಿ ಹೇಳುತ್ತೇನೆ.

ಮೊದಲು ಸೋಪು ಮುಟ್ಟಬೇಡಿ

ಕಲೆ ಕಂಡ ತಕ್ಷಣ ಸೋಪಿನ ನೀರು ಹಾಕಿ ಉಜ್ಜಬೇಕು ಅನ್ನಿಸುತ್ತೆ. ಬೇಡ. ನಮ್ಮ ಅಡುಗೆಯ ಕಲೆ ಅಂದರೆ ಬಹುಪಾಲು ಅರಿಶಿನದ ಕಲೆ. ಅರಿಶಿನದ ಬಣ್ಣ ಸೋಪಿನ ಕ್ಷಾರಕ್ಕೆ ಸಿಕ್ಕರೆ ಕೆಂಪಗಾಗುತ್ತೆ. ಅರಿಶಿನ, ಸುಣ್ಣ ಸೇರಿದರೆ ಆರತಿ ನೀರು ಕೆಂಪಾಗುವುದು ಇದೇ ಕಾರಣಕ್ಕೆ. ಆಮೇಲೆ ಅಂಗಡಿಯವರು ಬಂದು ನೋಡಿದಾಗ ‘ಇದು ಸಾರಿನ ಕಲೆ ಅಲ್ಲ, ನೀವು ಏನೋ ಕೆಮಿಕಲ್ ಹಾಕಿದ್ದೀರಿ’ ಅನ್ನಲು ಅವರಿಗೆ ಒಂದು ದಾರಿ ಸಿಕ್ಕಿಬಿಡುತ್ತೆ. ಜೊತೆಗೆ ಗಟ್ಟಿ ಡಿಟರ್ಜೆಂಟ್ ಹಾಕಿ ಉಜ್ಜಿದರೆ ಬಟ್ಟೆಯ ಮೇಲಿನ ಲೇಪವೂ ಸವೆಯುತ್ತೆ. ಬ್ಲೀಚ್ ಅಂತೂ ಮುಟ್ಟಲೇಬೇಡಿ.

ಪಾಂಪ್ಲೆಟಿನಲ್ಲಿ ಹೇಗೆ ಒರೆಸಿ ಅಂತ ಇದೆಯೋ ಹಾಗೆ ಮಾತ್ರ ಒರೆಸಿ. ಏನೂ ಬರೆದಿಲ್ಲದಿದ್ದರೆ ಒಣ ಬಟ್ಟೆಯಲ್ಲಿ ಒತ್ತಿ ಹೀರಿಸಿ, ಆಮೇಲೆ ಸಾದಾ ನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಿ. ಉಳಿದ ಕಲೆ ಹಾಗೇ ಇರಲಿ. ಬಿಸಿಲಿಗೆ ಅರಿಶಿನ ಮಾಸುತ್ತೆ ಅನ್ನುವುದು ನಿಜ, ಆದರೆ ಅಂಗಡಿಯವರು ಬಂದು ನೋಡುವ ತನಕ ಆ ಉಪಾಯವೂ ಬೇಡ.

ಫೋಟೋ ಹಗಲು ಬೆಳಕಿನಲ್ಲಿ ತೆಗೆಯಿರಿ, ಟ್ಯೂಬ್‌ಲೈಟಿನಲ್ಲಿ ಹಳದಿ ಸರಿಯಾಗಿ ಕಾಣಿಸಲ್ಲ. ಇಡೀ ಸೋಫಾ ಕಾಣುವ ಹಾಗೆ ಒಂದು, ಹತ್ತಿರದಿಂದ ಒಂದು. ಹತ್ತಿರದ ಫೋಟೋದಲ್ಲಿ ಕಲೆಯ ಪಕ್ಕ ಒಂದು ಬಿಳಿ ಹಾಳೆ ಇಡಿ, ಆಗ ಬಟ್ಟೆಯ ನಿಜವಾದ ಬಣ್ಣ ಎಷ್ಟು, ಕಲೆಯ ಬಣ್ಣ ಎಷ್ಟು ಅನ್ನುವುದು ಗೊತ್ತಾಗುತ್ತೆ.

ಅವರು ಏನು ಹೇಳಿದ್ದರು ಅನ್ನುವುದನ್ನು ಹುಡುಕಿ ತೆಗೆಯಿರಿ

ಬಿಲ್ಲು, ಪಾಂಪ್ಲೆಟ್, ಸೋಫಾಗೆ ನೇತು ಹಾಕಿದ್ದ ಟ್ಯಾಗು, ಬಟ್ಟೆಯ ಸ್ಯಾಂಪಲ್ ಬುಕ್ಕಿನ ಫೋಟೋ, ವಾಟ್ಸಾಪಿನಲ್ಲಿ ಕಳಿಸಿದ್ದ ಚಿತ್ರ, ಇವುಗಳಲ್ಲಿ ಎಲ್ಲೋ ಒಂದು ಕಡೆ ಆ ಮಾತು ಇರುತ್ತೆ. ಆನ್‌ಲೈನಿನಲ್ಲಿ ತಗೊಂಡಿದ್ದರೆ ಇವತ್ತೇ ಆ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ, ವಿಳಾಸದ ಸಾಲು ಮತ್ತು ತಾರೀಖು ಕಾಣುವ ಹಾಗೆ. ದೂರು ಹೋದ ಮೇಲೆ ಪುಟದಲ್ಲಿ ಒಂದೆರಡು ಪದ ಬದಲಾದರೂ ನಿಮಗೆ ಕಷ್ಟ.

ಪದಗಳನ್ನು ನಿಧಾನವಾಗಿ ಓದಿ. ‘ವಾಟರ್ ರಿಪೆಲ್ಲೆಂಟ್’ ಅಂತ ಮಾತ್ರ ಇದ್ದರೆ ಅವರು ಹೇಳಿದ್ದು ನೀರಿನ ಬಗ್ಗೆ. ಒಗ್ಗರಣೆ ಎಣ್ಣೆ ಇರುವ ಸಾರು ಅಂಥ ಬಟ್ಟೆಯೊಳಗೆ ಇಳಿದರೆ ನಿಮ್ಮ ವಾದ ಸ್ವಲ್ಪ ಸೊರಗುತ್ತೆ. ‘ಸ್ಟೇನ್ ರೆಸಿಸ್ಟೆಂಟ್’ ಅಂದರೆ ಕಲೆ ಸುಲಭವಾಗಿ ಹಿಡಿಯಲ್ಲ ಅಂತ, ಯಾವತ್ತೂ ಹಿಡಿಯೋದೇ ಇಲ್ಲ ಅಂತಲ್ಲ. ಅಂಗಡಿಯವರು ಇದನ್ನೇ ಹಿಡಿದುಕೊಂಡು ವಾದ ಮಾಡ್ತಾರೆ. ಅದಕ್ಕೇ ಸಾಮಾನ್ಯ ಪದಕ್ಕಿಂತ ನಿರ್ದಿಷ್ಟ ಮಾತು ಸಿಕ್ಕರೆ ಚಿನ್ನ. ಅತ್ತಿಗೆಯ ಪಾಂಪ್ಲೆಟಿನಲ್ಲಿ ‘ಕಾಫಿ, ಟೀ, ಸಾಂಬಾರ್ ಕಲೆಗಳು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತವೆ’ ಅಂತಲೇ ಅಚ್ಚಾಗಿತ್ತು. ಈ ಸಾಲು ಇದ್ದಮೇಲೆ ರೆಸಿಸ್ಟೆಂಟಾ ಪ್ರೂಫಾ ಅನ್ನುವ ಚರ್ಚೆಗೇ ಜಾಗ ಇಲ್ಲ.

ಬರೀ ಬಾಯಲ್ಲಿ ಹೇಳಿದ್ದರೆ? ಪತ್ರಕ್ಕಿಂತ ಮುಂಚೆ ಅಂಗಡಿಯ ನಂಬರಿಗೆ ಒಂದು ಸಾದಾ ಮೆಸೇಜ್ ಹಾಕಿ: ‘ಸರ್, ಜನವರಿಯಲ್ಲಿ ನಿಮ್ಮಲ್ಲಿ ತಗೊಂಡ ಬೂದು ಸೋಫಾ. ಸಾಂಬಾರ್ ಬಿದ್ದರೂ ಒರೆಸಿದರೆ ಹೋಗುತ್ತೆ ಅಂತ ಹೇಳಿದ್ರಲ್ಲ, ಒರೆಸಿದರೂ ಹೋಗ್ತಿಲ್ಲ. ಏನು ಮಾಡಬೇಕು?’ ಇದರಲ್ಲಿ ಜಗಳ ಇಲ್ಲ, ಹಾಗಾಗಿ ಉತ್ತರ ಬರುವ ಸಾಧ್ಯತೆ ಜಾಸ್ತಿ. ‘ನಾವು ಹಾಗೆ ಹೇಳೇ ಇಲ್ಲ’ ಅನ್ನದೆ ‘ಬಿಸಿ ನೀರಲ್ಲಿ ಒರೆಸಿ ನೋಡಿ’ ಅಂತ ಬಂದರೂ ಸಾಕು, ಆ ಮಾತು ಹೇಳಿದ್ದಕ್ಕೆ ಒಂದು ಆಧಾರ ಸಿಕ್ಕ ಹಾಗೆ. ಆ ಚಾಟ್ ಅಳಿಸಬೇಡಿ. ಫೋನ್ ಬದಲಾಯಿಸುವುದಿದ್ದರೆ ಬ್ಯಾಕಪ್ ತೆಗೆದುಕೊಂಡೇ ಬದಲಾಯಿಸಿ.

ಮನೆಯಲ್ಲೇ ಮಾಡುವ ಹನಿ ಪರೀಕ್ಷೆ

ಪತ್ರಕ್ಕೆ ಬಲ ಕೊಡುವುದು ಇದು. ಎಷ್ಟೋ ಸ್ಟೇನ್ ರೆಸಿಸ್ಟೆಂಟ್ ಬಟ್ಟೆಗಳಲ್ಲಿ ನೂಲಿನ ಮೇಲೆ ಒಂದು ತೆಳು ಲೇಪ ಇರುತ್ತೆ. ಲೇಪ ಇದ್ದರೆ ನೀರಿನ ಹನಿ ಕೆಸುವಿನ ಎಲೆ ಮೇಲೆ ನಿಂತ ಹಾಗೆ ಗುಂಡಗೆ ನಿಲ್ಲುತ್ತೆ. ಇಲ್ಲದಿದ್ದರೆ ಹನಿ ಹರಡಿ ಬಟ್ಟೆ ಅಲ್ಲೇ ಕಪ್ಪಗಾಗುತ್ತೆ.

ಕೂತು ಎದ್ದು ಸವೆದ ಜಾಗದಲ್ಲಿ ಮಾಡಿದರೆ ‘ಬಳಸಿ ಬಳಸಿ ಲೇಪ ಹೋಗಿದೆ’ ಅಂತಾರೆ. ಆದ್ದರಿಂದ ಯಾರೂ ಕೂರದ, ಕೈ ತಾಗದ ಜಾಗ ಹುಡುಕಿ. ಕುಶನ್ ಎತ್ತಿದಾಗ ಒಳಕ್ಕೆ ಮಡಚಿಕೊಂಡಿರುವ ಅಂಚು, ಬೆನ್ನಿನ ಹಿಂಭಾಗದ ಕೆಳತುದಿ, ಇಂಥವು. ಒಂದು ಎಚ್ಚರಿಕೆ: ಕುಶನ್ನಿನ ತಳಕ್ಕೆ ಎಷ್ಟೋ ಸಲ ಅಗ್ಗದ ಬೇರೆ ಬಟ್ಟೆ ಹಾಕಿರುತ್ತಾರೆ. ಅಲ್ಲಿ ಪರೀಕ್ಷೆ ಮಾಡಿದರೆ ಏನೂ ಸಾಬೀತಾಗಲ್ಲ. ನೇಯ್ಗೆಯೂ ಬಣ್ಣವೂ ಮೇಲಿನ ಬಟ್ಟೆಯದೇ ಅಂತ ನೋಡಿಕೊಂಡೇ ಶುರು ಮಾಡಿ.

ವಿಡಿಯೋ ಆನ್ ಮಾಡಿ, ನಡುವೆ ಎಲ್ಲೂ ನಿಲ್ಲಿಸಬೇಡಿ. ಮೊದಲು ಬಿಲ್ಲು ತೋರಿಸಿ, ಆಮೇಲೆ ಇಡೀ ಸೋಫಾ, ಆಮೇಲೆ ಆ ಅಂಚು. ಚಮಚದಿಂದ ಒಂದು ಹನಿ ಸಾದಾ ನೀರು ಬಿಡಿ, ಒಂದು ನಿಮಿಷ ಕ್ಯಾಮೆರಾ ಅಲ್ಲಾಡಿಸಬೇಡಿ. ಅತ್ತಿಗೆ ಮನೆಯಲ್ಲಿ ಸಿಂಗಲ್ ಸೀಟಿನ ಬೆನ್ನಿನ ಹಿಂದೆ, ಗೋಡೆಗೆ ಒತ್ತಿಕೊಂಡಿದ್ದ ಕಡೆ ಹನಿ ಬಿಟ್ಟೆವು. ಅದು ಗುಂಡಗೆ ನಿಲ್ಲಲೇ ಇಲ್ಲ. ಬಿದ್ದ ಕೂಡಲೇ ಚಪ್ಪಟೆಯಾಗಿ, ನೋಡ್ತಾ ನೋಡ್ತಾ ನೂಲಿನ ಗೆರೆ ಹಿಡಿದು ನಾಲ್ಕೂ ಕಡೆ ಹರಡಿ, ರೂಪಾಯಿ ನಾಣ್ಯಕ್ಕಿಂತ ದೊಡ್ಡ ಕಪ್ಪು ಗುರುತಾಯಿತು.

ಆದರೆ ಇದೊಂದರಿಂದಲೇ ತೀರ್ಮಾನಕ್ಕೆ ಬರಬೇಡಿ. ಕೆಲವು ಬಟ್ಟೆಗಳು ನೀರು ಹೀರಿದರೂ ಕಲೆಯನ್ನು ಸುಲಭವಾಗಿ ಬಿಟ್ಟುಕೊಡುವ ಹಾಗೆ ತಯಾರಾಗಿರುತ್ತವೆ. ಅದಕ್ಕೆ ಎರಡನೇ ಪರೀಕ್ಷೆ ಬೇಕು. ಪಾಂಪ್ಲೆಟಿನಲ್ಲಿ ಹೆಸರಿಸಿದ ಪದಾರ್ಥವನ್ನೇ, ನಮ್ಮ ವಿಷಯದಲ್ಲಿ ಕಾಫಿ, ಅದೇ ಮರೆಯ ಜಾಗದಲ್ಲಿ ಒಂದು ಹನಿ ಬಿಡಿ. ಒಂದು ನಿಮಿಷ ಬಿಟ್ಟು ಅವರು ಹೇಳಿದ ಹಾಗೇ ಒರೆಸಿ. ಕಲೆ ಉಳಿದರೆ ಅವರ ಮಾತು ಅವರ ಬಟ್ಟೆಯ ಮೇಲೆಯೇ ಸೋತ ಹಾಗೆ. ಒರೆಸಿದ ಮೇಲೆ ಹೋಯಿತಾ? ಹಾಗಾದರೆ ಬಟ್ಟೆಗೆ ಆ ಗುಣ ಇದೆ, ಕೂರುವ ಜಾಗದಲ್ಲಿ ಮಾತ್ರ ಸವೆದಿರಬಹುದು. ಆಗ ನಿಮ್ಮ ವಾದ ಬೇರೆ: ‘ಮೂರು ತಿಂಗಳಿಗೇ ಸವೆಯುವ ಗುಣ ಅಂತ ನೀವು ಹೇಳಿರಲಿಲ್ಲ.’ ಇದು ಮೊದಲನೆಯದರಷ್ಟು ಗಟ್ಟಿ ಅಲ್ಲ, ಆದರೂ ಕೇಳುವ ಹಕ್ಕಿದೆ.

ಕಲೆ ಎರಡು ದಿನ ಹಾಗೇ ಇದ್ದಿದ್ದರೆ, ಪೆನ್ನಿನ ಇಂಕೋ ಹೊಸ ಜೀನ್ಸಿನ ನೀಲಿಯೋ ಹತ್ತಿದ್ದರೆ, ಬದಲಿ ಸೋಫಾ ಸಿಗುವುದು ಕಷ್ಟ. ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ.

ಕಾನೂನಿನ ಎರಡು ಸಾಲು ಸಾಕು

ಪತ್ರದಲ್ಲಿ ಸೆಕ್ಷನ್ನುಗಳ ರಾಶಿ ಹಾಕಿದರೆ ಓದುವವನು ಓದಲ್ಲ. ಬೇಕಾಗಿರುವುದು ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಎರಡೇ ಸೆಕ್ಷನ್. ಸೆಕ್ಷನ್ 2(10) ದೋಷ ಅಂದರೇನು ಅಂತ ಹೇಳುತ್ತೆ. ವ್ಯಾಪಾರಿ ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟಕ್ಕೆ ವಸ್ತು ಕಡಿಮೆ ಬಿದ್ದರೆ ಅದೂ ದೋಷವೇ. ‘ಯಾವುದೇ ರೀತಿಯಲ್ಲಿ’ ಅನ್ನುವುದರಲ್ಲಿ ಪಾಂಪ್ಲೆಟೂ ಬಂತು, ಬಾಯಿಮಾತೂ ಬಂತು. ಕಲೆ ನೀವು ಮಾಡಿದ್ದಿರಬಹುದು, ದೋಷ ಬಟ್ಟೆಯದು ಅಂತ ಹೇಳಲು ಇದೇ ಆಧಾರ.

ಇನ್ನೊಂದು ಸೆಕ್ಷನ್ 2(47), ಅನುಚಿತ ವ್ಯಾಪಾರ ಪದ್ಧತಿಯದು. ಸರಿಯಾದ ಪರೀಕ್ಷೆ ಇಲ್ಲದೆ ವಸ್ತುವಿನ ಗುಣದ ಬಗ್ಗೆ ಭರವಸೆ ಕೊಡುವುದೂ ಇದರೊಳಗೆ ಬರುತ್ತೆ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ತಗೊಂಡು ಹಣ ಕೊಡಲು ಒಪ್ಪದಿರುವುದೂ ಬರುತ್ತೆ. ‘ಮಾರಿದ ವಸ್ತು ವಾಪಸ್ ಪಡೆಯುವುದಿಲ್ಲ’ ಅಂತ ಬಿಲ್ಲಿನ ಕೆಳಗೆ ಅಚ್ಚು ಹಾಕಿಬಿಟ್ಟರೆ ದೋಷ ಇರುವ ವಸ್ತುವಿನಿಂದ ಕೈ ತೊಳೆದುಕೊಳ್ಳಲು ಆಗಲ್ಲ.

ಇನ್ನೊಂದು ಮಾತು ಖಂಡಿತ ಬರುತ್ತೆ: ‘ವಾರಂಟಿ ಫ್ರೇಮಿಗೆ, ಫೋಮಿಗೆ ಮಾತ್ರ, ಬಟ್ಟೆಗಿಲ್ಲ.’ ಕಾರ್ಡಿನಲ್ಲಿ ಹಾಗೇ ಇರಬಹುದು. ಆದರೆ ನೀವು ವಾರಂಟಿ ಕೇಳ್ತಿಲ್ಲ. ಬಟ್ಟೆ ಹರಿಯಿತು ಅಂತ ಬಂದಿಲ್ಲ, ಹೇಳಿ ಮಾರಿದ ಗುಣ ಮೊದಲಿಂದಲೂ ಇಲ್ಲ ಅಂತ ಬಂದಿದ್ದೀರಿ. ಈ ವ್ಯತ್ಯಾಸವನ್ನು ಪತ್ರದಲ್ಲಿ ನೀವೇ ಮೊದಲು ಹೇಳಿಬಿಡಿ.

ಏನು ಕೇಳಬೇಕು

‘ಸೂಕ್ತ ಪರಿಹಾರ ಕೊಡಿ’ ಅಂತ ಬರೆದರೆ ಶಾಂಪೂ ಮಾಡೋಕೆ ಹುಡುಗರನ್ನು ಕಳಿಸಿ ಕೈ ತೊಳೆದುಕೊಳ್ತಾರೆ. ಬೇಕಾಗಿದ್ದನ್ನು ಬಿಡಿಸಿ ಬರೆಯಿರಿ. ಬದಲಿ ಸೋಫಾ. ಅದೇ ಬಟ್ಟೆಯದು ಕೊಟ್ಟರೆ ಮತ್ತೆ ಅದೇ ಕತೆ ಅಲ್ವಾ, ಹಾಗಾಗಿ ನಿಮ್ಮ ಎದುರು ಪರೀಕ್ಷೆ ಮಾಡಿ ತೋರಿಸಿದ ಬಟ್ಟೆಯದು. ಕಲೆ ಬಿದ್ದ ಸೀಟಿಗೆ ಮಾತ್ರ ಹೊಸ ಬಟ್ಟೆ ಹಾಕಿಕೊಡ್ತೀವಿ ಅಂದರೆ ಒಪ್ಪಬೇಡಿ, ಬೇರೆ ಥಾನಿನ ಬಟ್ಟೆಯಲ್ಲಿ ಬಣ್ಣ ಸ್ವಲ್ಪವಾದರೂ ವ್ಯತ್ಯಾಸ ಬರುತ್ತೆ, ಉಳಿದ ಸೀಟುಗಳ ದೋಷವೂ ಹಾಗೇ ಉಳಿಯುತ್ತೆ. ಇಡೀ ಸೆಟ್ಟಿಗೆ ಬೇರೆ ಬಟ್ಟೆ ಹಾಕಿಕೊಡ್ತೀವಿ ಅಂದರೆ ಅದು ಯೋಚನೆ ಮಾಡುವಂಥ ಮಾತು.

ಬದಲಿ ಕೊಡದಿದ್ದರೆ ಪೂರ್ತಿ ಹಣ ವಾಪಸ್ ಅಂತ ಬರೆಯಿರಿ. ಇದರ ಜೊತೆ ಮಾನಸಿಕ ಹಿಂಸೆಗೆ ಐದು ಲಕ್ಷ ಅಂತೆಲ್ಲ ಈ ಪತ್ರದಲ್ಲಿ ಸೇರಿಸಬೇಡಿ. ಅಂಗಡಿಯವರು ವಿಷಯ ಬಿಟ್ಟು ಸಿಟ್ಟಿಗೆ ಬೀಳ್ತಾರೆ ಅಷ್ಟೆ. ಸಮಯ 15 ದಿನ ಕೊಡಿ. ಸೋಫಾ ತಯಾರಾಗಲು ಅದಕ್ಕಿಂತ ಜಾಸ್ತಿ ಹಿಡಿಯಬಹುದು, ಆದರೆ ಒಪ್ಪಿಗೆಯೋ ಇಲ್ಲವೋ ಅಂತ ಬರೆದುಕೊಡಲು ಇಷ್ಟು ಸಾಕು.

ಪತ್ರ

ಅತ್ತಿಗೆ ಕಳಿಸಿದ ಪತ್ರ ಹೀಗಿತ್ತು. ಹೆಸರು, ವಿಳಾಸ ತೆಗೆದಿದ್ದೇನೆ. ನಿಮ್ಮ ವಿವರ ಹಾಕಿ ಬಳಸಿಕೊಳ್ಳಿ.

> ದಿನಾಂಕ: 13 ಏಪ್ರಿಲ್ 2026
> ತುಮಕೂರು
>
> ಇವರಿಗೆ: ಮಾಲೀಕರು, …………… ಫರ್ನಿಚರ್ಸ್, ತುಮಕೂರು
>
> ವಿಷಯ: ಬಿಲ್ ಸಂಖ್ಯೆ ………, ದಿನಾಂಕ 18 ಜನವರಿ 2026ರ ಸೋಫಾ ಸೆಟ್ ಬದಲಾಯಿಸಿ ಕೊಡುವ ಬಗ್ಗೆ
>
> ಮಾನ್ಯರೇ,
>
> ಮೇಲಿನ ಬಿಲ್ಲಿನಂತೆ ನಿಮ್ಮ ಅಂಗಡಿಯಿಂದ ತಿಳಿ ಬೂದು ಬಣ್ಣದ ಸೋಫಾ ಸೆಟ್ಟನ್ನು (ಬಟ್ಟೆಯ ಕೋಡ್ ………) ರೂ. 58,000 ಕೊಟ್ಟು ಖರೀದಿಸಿದ್ದೇನೆ. ಇದು ಸ್ಟೇನ್ ರೆಸಿಸ್ಟೆಂಟ್ ಬಟ್ಟೆ ಎಂದು ಹೇಳಿ ನೀವು ಕೊಟ್ಟ ಪಾಂಪ್ಲೆಟಿನಲ್ಲಿ ‘ಕಾಫಿ, ಟೀ, ಸಾಂಬಾರ್ ಕಲೆಗಳು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತವೆ’ ಎಂದು ಅಚ್ಚಾಗಿದೆ. ಮನೆಯಲ್ಲಿ ಮಕ್ಕಳಿರುವುದರಿಂದ ಈ ಮಾತನ್ನು ನಂಬಿಯೇ ಈ ಬಟ್ಟೆಯನ್ನು ಆರಿಸಿದೆ.
>
> ಏಪ್ರಿಲ್ 5ರಂದು ಸೋಫಾದ ಮೇಲೆ ಸಾರು ಬಿತ್ತು. ತಕ್ಷಣ ಪಾಂಪ್ಲೆಟಿನಲ್ಲಿ ಹೇಳಿದಂತೆ ಸಾದಾ ನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಸೋಪು ಅಥವಾ ಬೇರೆ ಯಾವುದೇ ಪದಾರ್ಥ ಬಳಸಿಲ್ಲ. ಕಲೆ ಹೋಗಿಲ್ಲ. ಏಪ್ರಿಲ್ 6ರಂದು ಫೋನ್ ಮಾಡಿದಾಗ ನಿಮ್ಮ ಸಿಬ್ಬಂದಿ ಇದು ತಮ್ಮ ಜವಾಬ್ದಾರಿ ಅಲ್ಲ ಎಂದರು.
>
> ಆಮೇಲೆ ಸೋಫಾದ ಬಳಕೆಯಾಗದ ಭಾಗದಲ್ಲಿ ಒಂದು ಹನಿ ನೀರು, ಒಂದು ಹನಿ ಕಾಫಿ ಹಾಕಿ ನೋಡಿದೆವು. ನೀರು ಕೂಡಲೇ ಇಂಗಿತು. ಕಾಫಿಯನ್ನು ಒಂದು ನಿಮಿಷದ ನಂತರ ಒರೆಸಿದರೂ ಕಲೆ ಉಳಿಯಿತು. ಇದರ ವಿಡಿಯೋ ನನ್ನಲ್ಲಿದೆ. ಬಳಸದ ಜಾಗದಲ್ಲೂ ಹೀಗಾಗಿರುವುದರಿಂದ ಇದು ಸವೆತ ಅಲ್ಲ. ನೀವು ಹೇಳಿದ ಗುಣ ಈ ಬಟ್ಟೆಯಲ್ಲಿ ಇಲ್ಲ.
>
> ಇದು ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಸೆಕ್ಷನ್ 2(10)ರಂತೆ ದೋಷ. ನಾನು ಫ್ರೇಮ್ ಅಥವಾ ಫೋಮಿನ ವಾರಂಟಿ ಕೇಳುತ್ತಿಲ್ಲ. ನೀವು ಹೇಳಿ ಮಾರಿದ ಗುಣವಿರುವ ವಸ್ತುವನ್ನು ಕೇಳುತ್ತಿದ್ದೇನೆ.
>
> ಆದ್ದರಿಂದ ಈ ಪತ್ರ ತಲುಪಿದ 15 ದಿನಗಳೊಳಗೆ, ನನ್ನ ಎದುರು ಪರೀಕ್ಷಿಸಿ ತೋರಿಸಿದ ಬಟ್ಟೆಯ ಹೊಸ ಸೋಫಾ ಸೆಟ್ಟನ್ನು ಸಾಗಾಣಿಕೆ ಖರ್ಚಿಲ್ಲದೆ ಕೊಡುವುದಾಗಿ, ಯಾವ ದಿನಾಂಕಕ್ಕೆ ಎಂಬುದರ ಸಮೇತ ಲಿಖಿತವಾಗಿ ತಿಳಿಸಿ. ಅದು ಆಗದಿದ್ದರೆ ರೂ. 58,000 ವಾಪಸ್ ಕೊಡಿ. ಸೋಫಾವನ್ನು ನೋಡಲು ಯಾವ ದಿನ ಬೇಕಾದರೂ ಮನೆಗೆ ಬರಬಹುದು. ಉತ್ತರ ಬರದಿದ್ದರೆ ತುಮಕೂರು ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಕೊಡುತ್ತೇನೆ.
>
> ಇಂತಿ,
> (ಸಹಿ, ಹೆಸರು, ವಿಳಾಸ, ಫೋನ್)
>
> ಲಗತ್ತು: ಬಿಲ್ಲಿನ ಮತ್ತು ಪಾಂಪ್ಲೆಟಿನ ಜೆರಾಕ್ಸ್, ಕಲೆಯ ಫೋಟೋ

ಎಲ್ಲೂ ಮೋಸ, ವಂಚನೆ ಅನ್ನುವ ಪದ ಇಲ್ಲ, ಗಮನಿಸಿ. ಅಂಗಡಿಯವರಿಗೇ ಬಟ್ಟೆ ಸರಬರಾಜು ಮಾಡಿದವರು ಬೇರೆ ಮಾಲು ಕೊಟ್ಟಿರಬಹುದು. ಅದು ಅವರವರ ವ್ಯವಹಾರ. ‘ಬಟ್ಟೆ ಕಂಪನಿಯವರನ್ನು ಕೇಳಿ’ ಅಂದರೆ ಹೋಗಬೇಡಿ, ದುಡ್ಡು ಇಸ್ಕೊಂಡು ಬಿಲ್ಲು ಕೊಟ್ಟವರು ಇವರು. ‘ಮನೆಗೆ ಬಂದು ನೋಡಬಹುದು’ ಅನ್ನುವ ಸಾಲನ್ನೂ ಬಿಡಬೇಡಿ, ಆಮೇಲೆ ‘ನಮಗೆ ನೋಡಲು ಅವಕಾಶವೇ ಕೊಡಲಿಲ್ಲ’ ಅನ್ನಲು ಆಗಲ್ಲ.

ಕಳಿಸುವುದು, ಆಮೇಲಿನದು

ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ್ದಕ್ಕೆ ಪುರಾವೆ ಬೇಕು ಅಂತ ಕೌಂಟರಿನಲ್ಲೇ ಹೇಳಿ. ಮೊದಲಿನ ರಿಜಿಸ್ಟರ್ಡ್ ಪೋಸ್ಟನ್ನು 2025ರಲ್ಲಿ ಸ್ಪೀಡ್ ಪೋಸ್ಟಿಗೇ ಸೇರಿಸಿದ್ದಾರೆ. ಅದೇ ದಿನ ಪತ್ರದ ಫೋಟೋ, ವಿಡಿಯೋ ಎರಡನ್ನೂ ಅಂಗಡಿಯ ವಾಟ್ಸಾಪಿಗೆ ಹಾಕಿ. ಕೈಯಲ್ಲೇ ಕೊಡುವುದಾದರೆ ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಬೆಂಗಳೂರಿನ ಅಂಗಡಿಯಾದರೂ ನೀವು ತುಮಕೂರಿನವರಾದರೆ ದೂರನ್ನು ತುಮಕೂರಿನಲ್ಲೇ ಕೊಡಬಹುದು. ಗ್ರಾಹಕ ವಾಸ ಇರುವ ಊರಲ್ಲೇ ದೂರು ಹಾಕಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ.

ಮೊದಲ ಉತ್ತರ ಬಹುಶಃ ಶಾಂಪೂವಿನದು. ಅತ್ತಿಗೆಗೂ ಅದೇ ಬಂತು: ‘ಮೇಡಂ, ನಮ್ಮ ಹುಡುಗರು ಬಂದು ಕ್ಲೀನ್ ಮಾಡಿಕೊಡ್ತಾರೆ.’ ಬಾಗಿಲು ಹಾಕಬೇಡಿ, ಆದರೆ ಸುಮ್ನೆ ಬಿಟ್ಟುಕೊಳ್ಳಲೂ ಬೇಡಿ. ಶಾಂಪೂ ಆದ ಮೇಲೆ ‘ಲೇಪ ಇತ್ತು, ತೊಳೆದಿದ್ದಕ್ಕೆ ಹೋಯಿತು’ ಅನ್ನುವ ಮಾತು ಹುಟ್ಟುತ್ತೆ. ಹಾಗಾಗಿ ಅತ್ತಿಗೆ ಬರೆದಿದ್ದು ಇಷ್ಟು: ‘ಕ್ಲೀನ್ ಮಾಡುವ ಮೊದಲು ನಿಮ್ಮವರು ನನ್ನ ಎದುರು ಬಳಸದ ಜಾಗದಲ್ಲಿ ಕಾಫಿ ಹನಿ ಪರೀಕ್ಷೆ ಮಾಡಲಿ, ಫಲಿತಾಂಶ ಬರೆದು ಸಹಿ ಹಾಕಲಿ.’ ಶಾಂಪೂ ಮಾತು ಅಲ್ಲಿಗೇ ನಿಂತಿತು. ಕೊನೆಗೆ ಮಾಲೀಕರೇ ಮನೆಗೆ ಬಂದು, ತಾವೇ ಹನಿ ಬಿಟ್ಟು ನೋಡಿ, ಬೇರೆ ಬಟ್ಟೆಯ ಸೆಟ್ ಕೊಡಲು ಒಪ್ಪಿದರು. ಹೊಸ ಬಟ್ಟೆಯ ತುಂಡನ್ನು ಅಂಗಡಿಯಲ್ಲೇ ಕಾಫಿ ಹಾಕಿ ಒರೆಸಿ ನೋಡಿಯೇ ಅತ್ತಿಗೆ ಹ್ಞೂಂ ಅಂದಿದ್ದು.

ಉತ್ತರವೇ ಬರದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ದೂರು ದಾಖಲಿಸಿಕೊಂಡು ಮಾರಾಟಗಾರರಿಗೆ ಮುಟ್ಟಿಸುತ್ತಾರೆ. ಅವರಿಗೆ ಆದೇಶ ಕೊಡುವ ಅಧಿಕಾರ ಇಲ್ಲ. ಅದು ಇರುವುದು ಜಿಲ್ಲಾ ಆಯೋಗಕ್ಕೆ. ಅಲ್ಲಿಗೆ e-jagriti.gov.in ಮೂಲಕ ಮನೆಯಿಂದಲೇ ದೂರು ಹಾಕಬಹುದು. ವಸ್ತುವಿನ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಲೂ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ವಸ್ತು ಬದಲಾಯಿಸಿಕೊಡಿ ಅಥವಾ ಹಣ ವಾಪಸ್ ಕೊಡಿ ಅಂತ ಆದೇಶ ಮಾಡಲು ಸೆಕ್ಷನ್ 39 ಆಯೋಗಕ್ಕೆ ಅಧಿಕಾರ ಕೊಟ್ಟಿದೆ. ಬಟ್ಟೆಯನ್ನು ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸಲೂ ಆಯೋಗಕ್ಕೆ ಸಾಧ್ಯ, ಹಾಗಾಗಿ ಸೋಫಾವನ್ನು ಅಲ್ಲಿಯವರೆಗೆ ಮಾರಬೇಡಿ, ಬಟ್ಟೆ ಬದಲಾಯಿಸಬೇಡಿ.

ಬದಲಿ ಸೋಫಾ ಟೆಂಪೋದಲ್ಲಿ ಬಂದ ದಿನ ಅವಸರ ಬೇಡ. ಹಳೆಯದನ್ನು ಇಳಿಸಿ ಕಳಿಸುವ ಮೊದಲು ‘ಹಳೆಯ ಸೆಟ್ ವಾಪಸ್ ಪಡೆದಿದ್ದೇವೆ’ ಅಂತ ಬಿಲ್ ಸಂಖ್ಯೆ ಸಮೇತ ಬರೆಸಿಕೊಳ್ಳಿ. ಹೊಸದಕ್ಕೆ ಬಟ್ಟೆಯ ಕೋಡ್ ನಮೂದಿಸಿದ ಹೊಸ ಬಿಲ್ಲು ಕೇಳಿ, ಅದರ ಮೇಲೆ ‘ಸ್ಟೇನ್ ರೆಸಿಸ್ಟೆಂಟ್’ ಅನ್ನುವ ಪದವನ್ನೂ ಬರೆಸಿ. ಟೆಂಪೋ ಹುಡುಗ ಚಲನ್ ಮುಂದೆ ಹಿಡಿದು ಸಹಿ ಕೇಳಿದಾಗ, ಒಳ ಅಂಚಿನಲ್ಲಿ ಒಂದು ಹನಿ ನೀರು ಬಿಟ್ಟು ಒರೆಸಿ ನೋಡಿ, ಆಮೇಲೆ ಸಹಿ ಹಾಕಿ.